ಅಡಕೆಯನ್ನು ಅಡಿಕೆ ಮಾಡುವಾಗ: ಕನ್ನಡ ಕಡತದಲ್ಲಿ 'ಹುಡುಕಿ ಬದಲಿಸು' ಕೈಕೊಟ್ಟರೆ ಎಲ್ಲಿ ನೋಡಬೇಕು

ಮಲೆನಾಡಿನಲ್ಲಿ ಒಂದು ಸ್ಮರಣ ಸಂಚಿಕೆ ಮಾಡಲು ಹೊರಟರೆ ಮೊದಲ ಜಗಳ ಕಾಗುಣಿತದ್ದು. ಬೆಳೆಗಾರರ ಸಂಘದ್ದು ಅಂದ್ರೆ ಕೇಳುವುದೇ ಬೇಡ. ತೀರ್ಥಹಳ್ಳಿ ಕಡೆಯವರ ಲೇಖನದಲ್ಲಿ 'ಅಡಕೆ', ಸಾಗರದವರದ್ದರಲ್ಲಿ 'ಅಡಿಕೆ'. ಒಬ್ಬರು ಕ್ವಿಂಟಲ್ ಅಂತಾರೆ, ಇನ್ನೊಬ್ಬರು ಕ್ವಿಂಟಾಲ್. ಸಂಪಾದಕರು ಒಂದನ್ನು ಆರಿಸಿಕೊಂಡು 'ಎಲ್ಲಾ ಕಡೆ ಇದನ್ನೇ ಮಾಡಿ' ಎಂದು ಕಡತವನ್ನು ನಮ್ಮ ಕೈಗೆ ಕೊಡುತ್ತಾರೆ. ಒಂದೇ ಬಟನ್ನಿನ ಕೆಲಸ ಅಲ್ವಾ ಅನ್ನಿಸುತ್ತದೆ. ಆದರೆ ಹತ್ತು ಜನ ಹತ್ತು ರೀತಿಯಲ್ಲಿ ಟೈಪ್ ಮಾಡಿದ್ದನ್ನು ಸೇರಿಸಿದ ಕಡತ ಅದು. ಕಣ್ಣಿಗೆ ಒಂದೇ ಥರ ಕಾಣುವ ಅಕ್ಷರ ಒಳಗೆ ಬೇರೆ ಬೇರೆಯಾಗಿರುತ್ತದೆ.

ಇಲ್ಲಿ ಎರಡೇ ಕೆಲಸ ಇಟ್ಟುಕೊಳ್ಳೋಣ: ಅಡಕೆಯನ್ನು ಅಡಿಕೆ ಮಾಡುವುದು, ಕ್ವಿಂಟಲ್ಲನ್ನು ಕ್ವಿಂಟಾಲ್ ಮಾಡುವುದು. ಕನ್ನಡ ಪಠ್ಯದಲ್ಲಿ ಬದಲಾವಣೆ ಕೆಡುವ ಬಹುಪಾಲು ದಾರಿಗಳು ಈ ಎರಡರಲ್ಲೇ ಸಿಗುತ್ತವೆ.

ಶುರು ಮಾಡುವ ಮುಂಚೆ ಮೂಲ ಕಡತದ ಒಂದು ಪ್ರತಿ ಬೇರೆ ಹೆಸರಲ್ಲಿ ತೆಗೆದಿಡಿ. ಆಮೇಲೆ ಅದನ್ನು ಮುಟ್ಟಬೇಡಿ. ಕೆಳಗೆ ಹೇಳುವ ಕೆಲವು ಹಾನಿಗಳನ್ನು ಹಿಂದಿರುಗಿಸಲು ಆ ಪ್ರತಿ ಬಿಟ್ಟರೆ ಬೇರೆ ದಾರಿಯೇ ಇಲ್ಲ.

## ಲಕ್ಷಣ: ಪದ ಕಣ್ಣೆದುರಿಗೇ ಇದೆ, ಹುಡುಕಿದರೆ ಒಂದೂ ಸಿಗುವುದಿಲ್ಲ

ಪುಟದ ತುಂಬಾ ಅಡಕೆ ಕಾಣುತ್ತಿದೆ. ಹುಡುಕು ಪೆಟ್ಟಿಗೆಯಲ್ಲಿ 'ಅಡಕೆ' ಎಂದು ಹಾಕಿದರೆ ಸೊನ್ನೆ. ಒಂದೂ ಸಿಗದಿದ್ದರೆ ಬೇರೆಲ್ಲಾ ಬಿಟ್ಟು ಮೊದಲು ಫಾಂಟ್ ನೋಡಿ. ಒಂದು ಸಾಲನ್ನು ಆರಿಸಿ ಅದರ ಫಾಂಟನ್ನು ಏರಿಯಲ್ ಅಥವಾ ಟೈಮ್ಸ್‌ಗೆ ಬದಲಿಸಿ. ಅಕ್ಷರಗಳು ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಹೀಗೆ ಕಂಡರೆ ಅಲ್ಲ:

```
CqÀPÉ
²ªÀªÉÆUÀÎ
```

ಇದು ಹಳೆಯ ನುಡಿ ಆಸ್ಕಿ ಫಾಂಟಿನ ಬರಹ. ಮೊದಲನೆಯದು ಅಡಕೆ, ಎರಡನೆಯದು ಶಿವಮೊಗ್ಗ. ಕಡತದ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳೇ. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ, ಅಷ್ಟೇ. ಡಿಟಿಪಿ ಅಂಗಡಿಗಳಿಂದ ಬರುವ ಹಳೆಯ ಸಂಚಿಕೆಯ ಲೇಖನಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ.

ಇದನ್ನು ಪರಿವರ್ತಕದಲ್ಲಿ ಹಾಕಿ ಮೊದಲು ಯೂನಿಕೋಡ್ ಮಾಡಿಕೊಳ್ಳಬೇಕು. ಪರಿವರ್ತನೆ ಆಗುವ ತನಕ ಕೆಳಗಿನ ಯಾವ ಹೆಜ್ಜೆಯೂ ಬೇಡ. ಅದರಲ್ಲೂ 'ನಾರ್ಮಲೈಸ್' ಮಾಡುವ, ಅಂದ್ರೆ ಒಂದೇ ಅಕ್ಷರದ ಬೇರೆ ಬೇರೆ ಒಳರೂಪಗಳನ್ನು ಒಂದು ಮಾಡುವ, ಯಾವ ಉಪಕರಣವನ್ನೂ ಈ ಕಡತದ ಮೇಲೆ ಓಡಿಸಬೇಡಿ. ಯಾಕೆ ಅನ್ನುವುದನ್ನು ಎನ್‌ಎಫ್‌ಕೆಸಿ ಎಂಬ ನಾರ್ಮಲೈಸೇಶನ್ ಬಗ್ಗೆ ಹೇಳುವಲ್ಲಿ ನೋಡೋಣ.

## ಲಕ್ಷಣ: ಕೆಲವು ಸಿಗುತ್ತವೆ, ಕೆಲವು ತಪ್ಪಿಸಿಕೊಳ್ಳುತ್ತವೆ

ಇದೇ ಜಾಸ್ತಿ ಎದುರಾಗುವ ತೊಂದರೆ. ಫಾಂಟ್ ಸರಿ ಇದೆ, ಎಲ್ಲಾ ಯೂನಿಕೋಡ್, ಆದರೂ ಅದೇ ಪುಟದಲ್ಲಿ ಒಂದು ಪದ ಸಿಕ್ಕಿ ಪಕ್ಕದ್ದು ಸಿಗುವುದಿಲ್ಲ.

ಮೊದಲು ಬರಿಗಣ್ಣಿನ ಪರೀಕ್ಷೆ. ಸಿಗದ ಪದವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಸೊನ್ನೆಯ ಜಾಗದಲ್ಲಿ ಅನುಸ್ವಾರ 'ಂ' ಇದೆಯೋ, ಅಂಕಿ '೦' ಇದೆಯೋ? ಕ್ವಿಂಟಲ್ ಬದಲು 'ಕ್ವಿ೦ಟಲ್' ಎಂದು ಟೈಪ್ ಮಾಡಿದವರು ಬಹಳ ಜನ. ಹಾಗೆಯೇ ಅರ್ಕಾವೊತ್ತು ಹೇಗೆ ಹೊಡೆಯುವುದು ಗೊತ್ತಾಗದೆ ಅಂಕಿ ಒಂಬತ್ತನ್ನು ಹಾಕುವವರಿದ್ದಾರೆ: ತೀರ್ಥಹಳ್ಳಿ ಹೋಗಿ 'ತೀಥ೯ಹಳ್ಳಿ' ಆಗಿರುತ್ತದೆ. ಓದುವವನಿಗೆ ವ್ಯತ್ಯಾಸ ಕಾಣದು. ಕಂಪ್ಯೂಟರಿಗೆ ಮಾತ್ರ ಅದು ಅಕ್ಷರದ ಮಧ್ಯೆ ಸಿಕ್ಕಿಕೊಂಡ ಅಂಕಿ.

ಈ ಎರಡನ್ನೂ ಯಾವ ನಾರ್ಮಲೈಸೇಶನ್ನೂ ಸರಿಮಾಡುವುದಿಲ್ಲ. ಯೂನಿಕೋಡ್ ಲೆಕ್ಕದಲ್ಲಿ ಇವು ಬೇರೆ ಬೇರೆ ಅಕ್ಷರ, ಕಾಗುಣಿತ ತಪ್ಪು ಅಷ್ಟೇ. '೦' ಹಾಕಿದ ಪದಗಳನ್ನು ಪದದ ಲೆಕ್ಕದಲ್ಲೇ ಸರಿಮಾಡಿ: ಕ್ವಿ೦ಟ ಹುಡುಕಿ ಕ್ವಿಂಟ ಮಾಡಿ. ಕಡತದ ಎಲ್ಲಾ '೦'ಗಳನ್ನು ಒಂದೇ ಏಟಿಗೆ ಅನುಸ್ವಾರ ಮಾಡಲು ಹೋದರೆ ದರಪಟ್ಟಿಯ ೫೦೦ ಹಾಳಾಗುತ್ತದೆ. '೯' ಇನ್ನೂ ಕಷ್ಟ. ಅದು ಕೂತಿರುವುದು ಥ ಆದ ಮೇಲೆ, ಆದರೆ ನಿಜವಾದ ರ್ ಬರಬೇಕಾದ್ದು ಥಕ್ಕಿಂತ ಮುಂಚೆ. ಹಾಗಾಗಿ ಅಂಕಿಯ ಜಾಗದಲ್ಲಿ ರ್ ಇಟ್ಟರೆ ಸಾಲದು. ಪೂರ್ತಿ ಪದವನ್ನೇ ಬದಲಿಸಬೇಕು.

ಇವೆರಡೂ ಅಲ್ಲದಿದ್ದರೆ ಬ್ಯಾಕ್‌ಸ್ಪೇಸ್ ಪರೀಕ್ಷೆ. ಇದಕ್ಕೆ ಖರ್ಚೂ ಇಲ್ಲ, ಪ್ರೋಗ್ರಾಮೂ ಬೇಡ. ಪಕ್ಕದಲ್ಲೊಂದು ಖಾಲಿ ಕಡತ ತೆರೆದು 'ಕೊಳೆರೋಗ' ಪದವನ್ನು ಎರಡು ಕಡೆಯಿಂದ ನಕಲು ಮಾಡಿ ಹಾಕಿ: ಒಂದು ಹುಡುಕಾಟಕ್ಕೆ ಸಿಕ್ಕಿದ್ದು, ಇನ್ನೊಂದು ಸಿಗದ್ದು. 'ರೋ' ಆದ ಮೇಲೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿ. ದೀರ್ಘದ ಜೊತೆ ಕೊಂಬೂ ಹೋಗಿ ಬರೀ 'ರ' ಉಳಿದರೆ ಆ 'ೋ' ಒಂದೇ ತುಂಡು. ಮೊದಲ ಒತ್ತಿಗೆ 'ರೊ' ಅಥವಾ 'ರೆ' ಉಳಿದುಕೊಂಡರೆ ಅದು ಬಿಡಿ ಬಿಡಿ ತುಂಡುಗಳಿಂದ ಆದದ್ದು. ಒಂದೇ ಒತ್ತಿಗೆ 'ರೋ' ಪೂರ್ತಿ ಮಾಯವಾದರೆ ನಿಮ್ಮ ಎಡಿಟರ್ ಈ ಪರೀಕ್ಷೆಗೆ ಆಗುವುದಿಲ್ಲ, ಬೇರೆಯದರಲ್ಲಿ ಮಾಡಿ. ಬ್ಯಾಕ್‌ಸ್ಪೇಸ್ ಒತ್ತಿದರೂ ಏನೂ ಅಳಿಸಿದಂತೆ ಕಾಣದಿದ್ದರೆ ಅಲ್ಲೊಂದು ಕಾಣದ ಗುರುತು ಇತ್ತು ಅಂತ ಅರ್ಥ. ಅದರ ಕಥೆ ಮುಂದೆ ಬರುತ್ತದೆ.

ಹೀಗಾಗುವುದು ಯಾಕೆಂದರೆ, ಕನ್ನಡದ ಐದು ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ತುಂಡಾಗಿಯೂ ಇಡಬಹುದು, ಬಿಡಿಸಿಯೂ ಇಡಬಹುದು. ಕೆಳಗಿನವು ಪ್ರತಿ ತುಂಡಿಗೂ ಯೂನಿಕೋಡ್ ಕೊಟ್ಟ ಸಂಖ್ಯೆಗಳು:

```
ೀ  U+0CC0 = 0CBF 0CD5
ೇ  U+0CC7 = 0CC6 0CD5
ೈ  U+0CC8 = 0CC6 0CD6
ೊ  U+0CCA = 0CC6 0CC2
ೋ  U+0CCB = 0CC6 0CC2 0CD5
```

ಎಡಗಡೆಯದೂ ಬಲಗಡೆಯದೂ ಸಮ ಎಂದು ಯೂನಿಕೋಡ್ ಹೇಳುತ್ತದೆ. ಪರದೆಯ ಮೇಲೂ ಎರಡೂ ಒಂದೇ. ಆದರೆ ಸಾದಾ ಎಡಿಟರಿನ ಹುಡುಕಾಟ ಸಂಖ್ಯೆಗಳನ್ನು ಒಂದೊಂದಾಗಿ ಹೋಲಿಸುತ್ತದೆ. ಅದಕ್ಕೆ ಎರಡೂ ಬೇರೆ. ಕೆಲವು ಪ್ರೋಗ್ರಾಮ್‌ಗಳ ಹುಡುಕಾಟ ಜಾಣತನದಿಂದ ಎರಡನ್ನೂ ಒಂದೇ ಎಂದು ಹಿಡಿಯುತ್ತದೆ. 'ಅಲ್ಲಿ ಸಿಕ್ಕಿತು, ಇಲ್ಲಿ ಸಿಗಲಿಲ್ಲ' ಎನ್ನುವ ಗೊಂದಲ ಅದರಿಂದಲೇ ಬರುವುದು.

ಬಿಡಿಸಿದ ರೂಪ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಹಳೆಯ ಆಸ್ಕಿ ಫಾಂಟುಗಳಲ್ಲಿ ದೀರ್ಘದ ಗುರುತೇ ಬೇರೆ ಒಂದು ಅಕ್ಷರ. ಅಷ್ಟು ಚೆನ್ನಾಗಿಲ್ಲದ ಪರಿವರ್ತಕ ಅದನ್ನು ಹಾಗೆಯೇ ಬಿಡಿಯಾಗಿ ತಂದು ಹಾಕುತ್ತದೆ. ಇನ್ನೊಂದು ದಾರಿ ಮ್ಯಾಕ್. ಹಳೆಯ ಮ್ಯಾಕ್‌ಗಳ ಡಿಸ್ಕ್ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಫೋಟೊಗಳ ಹೆಸರಿನ ಪಟ್ಟಿಯನ್ನು ಅಲ್ಲಿಂದ ತಂದು ಅಡಿಬರಹ ಮಾಡಿದ್ದರೆ, ಸಂಚಿಕೆಯ ಅಡಿಬರಹಗಳಷ್ಟೇ ಹುಡುಕಾಟಕ್ಕೆ ಸಿಗದೆ ಆಟ ಆಡಿಸುತ್ತವೆ.

ಖಾತ್ರಿ ಬೇಕೆಂದರೆ ವರ್ಡ್ ಅಥವಾ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಅಕ್ಷರದ ನಂತರ ಕರ್ಸರ್ ಇಟ್ಟು `Alt+X` ಒತ್ತಿ, ಸಂಖ್ಯೆ ಕಾಣುತ್ತದೆ. ಪೈಥಾನ್ ಇದ್ದರೆ ಇದು ಇನ್ನೂ ಸ್ಪಷ್ಟ:

```python
import unicodedata as u
for c in "ಇಲ್ಲಿ ಪದ ಅಂಟಿಸಿ":
    print(hex(ord(c)), u.name(c, "?"))
```

## ಲಕ್ಷಣ: ಬದಲಿಸಿದ ಮೇಲೆ, ಕೇಳದ ಪದವೂ ಬದಲಾಗಿದೆ

ಇದು ಹಿಂದಿನದಕ್ಕಿಂತ ಅಪಾಯ. ಸಿಗದ ಪದ ಉಳಿದುಹೋಯಿತು ಅಂದ್ರೆ ಯಾರಾದರೂ ಓದುವಾಗ ಹಿಡಿಯುತ್ತಾರೆ. ತಪ್ಪಾಗಿ ಬದಲಾದದ್ದು ಸರಿಯಾದ ಪದದ ಹಾಗೇ ಕಂಡರೆ ಅಚ್ಚಾಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಈ ಸಾಲು ತೆಗೆದುಕೊಳ್ಳಿ:

ಅಡಕೊತ್ತಿನಲ್ಲಿ ಸಿಕ್ಕ ಅಡಕೆಯಂತೆ

ಇದರಲ್ಲಿ 'ಅಡಕೆ' ಎಷ್ಟು ಸಲ ಇದೆ? ನಮಗೆ ಒಂದು ಸಲ. ಸಾಲು ಒಂದೇ ತುಂಡಿನ ರೂಪದಲ್ಲಿದ್ದರೆ ಕಂಪ್ಯೂಟರಿಗೂ ಒಂದೇ ಸಲ. ಬಿಡಿಸಿದ ರೂಪದಲ್ಲಿದ್ದರೆ ಮಾತ್ರ ಅದು ಎರಡು ಎನ್ನುತ್ತದೆ. ಮೇಲಿನ ಪಟ್ಟಿ ನೋಡಿ: ಬಿಡಿಸಿದಾಗ 'ೊ' ಶುರುವಾಗುವುದೇ 'ೆ' ಇಂದ. ಆದ್ದರಿಂದ ಅಡಕೊತ್ತಿನ ಮೊದಲ ನಾಲ್ಕು ಸಂಖ್ಯೆಗಳೂ ಅಡಕೆಯ ನಾಲ್ಕು ಸಂಖ್ಯೆಗಳೂ ಒಂದೇ:

```
ಅಡಕೆ   0C85 0CA1 0C95 0CC6
ಅಡಕೊ   0C85 0CA1 0C95 0CC6 0CC2
```

ಬದಲಿಸು ಒತ್ತಿದರೆ ಪಾಪದ ಅಡಕೊತ್ತು 'ಅಡಿಕೊತ್ತು' ಆಗುತ್ತದೆ. ಉಳಿದುಕೊಂಡ 'ೂ' ಹಿಂದಿನ 'ೆ' ಜೊತೆ ಮತ್ತೆ ಸೇರಿ 'ೊ' ಆಗಿಬಿಡುವುದರಿಂದ ಒಡೆದ ಗುರುತು ಎಲ್ಲೂ ಕಾಣುವುದಿಲ್ಲ. ಹೊಸ ಪದದ ಕೊನೆಗೆ ನೀವು ತಿಳಿಯದೆ ಒಂದು ಖಾಲಿ ಜಾಗ ಸೇರಿಸಿದ್ದರೆ ಕನಿಷ್ಠ ಒಂದು ಸುಳಿವು ಸಿಗುತ್ತಿತ್ತು. ಆಗ 'ೂ' ಒಂಟಿಯಾಗಿ, ಚುಕ್ಕಿಗಳ ವೃತ್ತದ ಮೇಲೆ ಕೂತುಬಿಡುತ್ತದೆ. ಬದಲಾವಣೆಯಾದ ಮೇಲೆ ಎಲ್ಲಿಯಾದರೂ ಅಂಥ ಚುಕ್ಕಿ ವೃತ್ತ ಕಂಡರೆ ಅಲ್ಲೊಂದು ಅಕ್ಷರ ಮಧ್ಯಕ್ಕೆ ಕತ್ತರಿಸಿಹೋಗಿದೆ ಎಂದೇ ತಿಳಿಯಿರಿ.

ಇದೇ ಅಪಾಯ ಹ್ರಸ್ವ, ದೀರ್ಘಕ್ಕೂ ಇದೆ. ಬಿಡಿಸಿದ ಪಠ್ಯದಲ್ಲಿ 'ತಿ' ಹುಡುಕಿದರೆ 'ತೀ' ಒಳಗೂ ಸಿಗುತ್ತದೆ. 'ಕೆ' ಹುಡುಕಿದರೆ ಕೇ, ಕೈ, ಕೊ, ಕೋ ಎಲ್ಲವೂ.

ಮದ್ದು ಸರಳ. ಬದಲಿಸುವ ಮುಂಚೆ ಇಡೀ ಕಡತವನ್ನು ಕೂಡಿಸಿದ ರೂಪಕ್ಕೆ ತನ್ನಿ. ಅದರ ಹೆಸರು ಎನ್‌ಎಫ್‌ಸಿ. ಆಮೇಲೆ ಹುಡುಕುವ ಪದ ಮುಗಿದ ಕೂಡಲೇ ದೀರ್ಘದ ತುಂಡೋ ಕೊಂಬಿನ ತುಂಡೋ ಬಂದರೆ 'ಮುಟ್ಟಬೇಡ' ಎಂಬ ಒಂದು ಕಾವಲನ್ನೂ ಹಾಕಿ:

```python
import re, unicodedata as u
s = open("sanchike.txt", encoding="utf-8",
         newline="").read()
n = u.normalize("NFC", s)
t, k = re.subn("ಅಡಕೆ(?![\u0CC2\u0CD5\u0CD6])",
               "ಅಡಿಕೆ", n)
print(k, len(t) - len(n))
for c in "\u200c\u200d":
    print(n.count(c), t.count(c))
open("sanchike-hosa.txt", "w", encoding="utf-8",
     newline="").write(t)
```

ಎನ್‌ಎಫ್‌ಸಿ ಮಾಡಿದ ಮೇಲೂ ಕಾವಲು ಯಾಕೆ ಅಂದ್ರೆ, ಹರಿದು ಹೋದ ಪಠ್ಯದಲ್ಲಿ ಕೂಡಲಾರದ ತುಂಡುಗಳು ಉಳಿದಿರಬಹುದು. ಅಂಥ ಜಾಗವನ್ನು ಪ್ರೋಗ್ರಾಮ್ ಮುಟ್ಟದೆ ಬಿಡುವುದೇ ಒಳ್ಳೆಯದು.

ಮೊದಲು ಅಚ್ಚಾಗುವ ಎರಡು ಸಂಖ್ಯೆಗಳನ್ನು ನೋಡಿ. ಅಡಕೆ ಅಡಿಕೆಯಾದಾಗ ಸೇರುವುದು ಒಂದೇ ಒಂದು 'ಿ'. ಹಾಗಾಗಿ ಎಷ್ಟು ಕಡೆ ಬದಲಾಯಿತೋ ಕಡತ ಅಷ್ಟೇ ಅಕ್ಷರ ಉದ್ದವಾಗಿರಬೇಕು. ಎರಡು ಸಂಖ್ಯೆ ಸಮ ಇಲ್ಲದಿದ್ದರೆ ನೀವು ಹಾಕಿದ ಹೊಸ ಪದದಲ್ಲಿ ಕಾಣದ ಏನೋ ಸೇರಿಕೊಂಡಿದೆ. ಕೆಳಗಿನ ಎರಡು ಸಾಲುಗಳು, ಮುಂದೆ ಹೇಳುವ ಕಾಣದ ಗುರುತುಗಳಾದ ಜಾಯ್ನರ್‌ಗಳ ಲೆಕ್ಕ. ಪ್ರತಿ ಸಾಲಿನಲ್ಲೂ ಎಡ, ಬಲ ಒಂದೇ ಇರಬೇಕು. ಹೊಸ ಕಡತದ ಮೇಲೆ ಇದನ್ನೇ ಇನ್ನೊಮ್ಮೆ ಓಡಿಸಿದರೆ ಬದಲಾದ ಲೆಕ್ಕ ಸೊನ್ನೆ ಬರಬೇಕು.

## ಎಚ್ಚರಿಕೆ: ಎನ್‌ಎಫ್‌ಸಿ ಬೇರೆ, ಎನ್‌ಎಫ್‌ಕೆಸಿ ಬೇರೆ

ಮಧ್ಯದಲ್ಲಿ ಒಂದು ಅಕ್ಷರ ಜಾಸ್ತಿ ಇರುವ ಎನ್‌ಎಫ್‌ಕೆಸಿಯನ್ನು 'ಇನ್ನೂ ಚೆನ್ನಾಗಿ ಸ್ವಚ್ಛ ಮಾಡುತ್ತೆ' ಎಂದು ಹೇಳಿಕೊಡುವವರು ಸಿಗುತ್ತಾರೆ. ಹುಡುಕಾಟದ ಸೂಚಿ ಮಾಡುವವರಿಗೆ ಅದು ಸರಿ. ಅಚ್ಚಿಗೆ ಹೋಗುವ ಪಠ್ಯಕ್ಕೆ ಬೇಡವೇ ಬೇಡ. ಅದು ರೂಪದ ವ್ಯತ್ಯಾಸಗಳನ್ನೆಲ್ಲಾ ಅಳಿಸುತ್ತದೆ. '2½ ಎಕರೆ ತೋಟ' ಎಂದಿದ್ದರೆ ಅರ್ಧದ ಚಿಹ್ನೆ ಬಿಡಿಸಿಕೊಂಡು '21⁄2 ಎಕರೆ ತೋಟ' ಆಗುತ್ತದೆ. ಎರಡೂವರೆ ಹೋಗಿ ಇಪ್ಪತ್ತೊಂದರ ಅರ್ಧ! ಯಾರದ್ದೋ ತೋಟದ ಲೆಕ್ಕ ಅದು.

ಆಸ್ಕಿ ಕಡತದ ಮೇಲೆ ಅದನ್ನು ಓಡಿಸಿದರಂತೂ ಮುಗಿಯಿತು. ಶಿವಮೊಗ್ಗದ `²ªÀªÉÆUÀÎ` ಹೀಗಾಗುತ್ತದೆ:

```
2aÀaÉÆUÀÎ
```

ಮೇಲಿನ ಪುಟ್ಟ ಎರಡು ದೊಡ್ಡ ಎರಡಾಯಿತು, 'ªÀ' ಹೋಗಿ 'aÀ' ಆಯಿತು. ಇದನ್ನು ಯಾವ ಪರಿವರ್ತಕವೂ ಕನ್ನಡಕ್ಕೆ ತರಲಾರದು. ತೆಗೆದಿಟ್ಟ ಮೂಲ ಪ್ರತಿ ಬೇಕಾಗುವುದು ಇಂಥ ಹೊತ್ತಿನಲ್ಲೇ.

## ಲಕ್ಷಣ: ಬದಲಿಸಿದ ಮೇಲೆ ಒತ್ತಕ್ಷರ ಅಂಟಿಕೊಂಡಿದೆ, ಇಲ್ಲವೇ ಅರ್ಕಾವೊತ್ತು ತಾನಾಗಿ ಬಂದಿದೆ

ಈಗ ಕ್ವಿಂಟಲ್ ಕಡೆ ಬರೋಣ. ಸೇರಿಸಿದ ಕಡತದಲ್ಲಿ ಒಂದೇ ಮಾತು ಮೂರು ಥರ ಇರುತ್ತದೆ: ಕ್ವಿಂಟಲ್‌ಗೆ, ಕ್ವಿಂಟಲ್ಗೆ, ಕ್ವಿಂಟಲ್ ಗೆ. ಮೊದಲನೆಯದರಲ್ಲಿ ಲ್ ಮತ್ತು ಗೆ ಮಧ್ಯೆ ಕಾಣದ ಒಂದು ಗುರುತಿದೆ. ಅದರ ಹೆಸರು ಜೀರೋ ವಿಡ್ತ್ ನಾನ್‌ಜಾಯ್ನರ್, ಸಂಖ್ಯೆ U+200C. 'ಒತ್ತು ಮಾಡಬೇಡ, ಬಿಡಿಸಿ ತೋರಿಸು' ಎಂದು ಫಾಂಟಿಗೆ ಹೇಳುವುದು ಅದರ ಕೆಲಸ. ಎರಡನೆಯದರಲ್ಲಿ ಅದು ಇಲ್ಲ, ಹಾಗಾಗಿ ಲಕ್ಕೆ ಗ ಒತ್ತಾಗಿ ಬಿದ್ದಿದೆ. ಮೂರನೆಯದರಲ್ಲಿ ಖಾಲಿ ಜಾಗ.

ಕೆಡುವುದು ಹೀಗೆ. ಟೈಪ್ ಮಾಡುವ ಬದಲು ಮೌಸಿನಲ್ಲಿ 'ಕ್ವಿಂಟಲ್‌' ಅಷ್ಟನ್ನು ಎಳೆದು ಹುಡುಕು ಪೆಟ್ಟಿಗೆಗೆ ಹಾಕುತ್ತೀರಿ. ಅದರ ಬಾಲಕ್ಕೆ ನಾನ್‌ಜಾಯ್ನರ್ ಅಂಟಿಕೊಂಡು ಬರುತ್ತದೆ. ಬದಲಿ ಪದವನ್ನು ಕೈಯಲ್ಲಿ ಟೈಪ್ ಮಾಡುತ್ತೀರಿ, ಅದರಲ್ಲಿ ಆ ಗುರುತಿಲ್ಲ. ಎರಡು ಹಾನಿ ಒಟ್ಟಿಗೇ ಆಗುತ್ತದೆ. ಬಾಲ ಇಲ್ಲದ ಕ್ವಿಂಟಲ್‌ಗಳು ಸಿಗುವುದೇ ಇಲ್ಲ. ಸಿಕ್ಕವುಗಳಲ್ಲಿ ಗುರುತು ಅಳಿದು 'ಕ್ವಿಂಟಾಲ್ಗೆ' ಎಂದು ಅಂಟಿಕೊಳ್ಳುತ್ತದೆ. ಮೇಲಿನ ಪ್ರೋಗ್ರಾಮಿನ ಕೊನೆಯ ಲೆಕ್ಕ ಇರುವುದು ಇದನ್ನು ಹಿಡಿಯಲಿಕ್ಕೇ.

ಇದರಿಂದ ತಪ್ಪಿಸಿಕೊಳ್ಳುವ ಉಪಾಯ ಹುಡುಕುವ ಪದವನ್ನು ಗಿಡ್ಡ ಮಾಡುವುದು. ವ್ಯತ್ಯಾಸ ಇರುವುದು ಟ ಮತ್ತು ಟಾ ನಡುವೆ. ಹಾಗಿದ್ದ ಮೇಲೆ ಕೊನೆಯ ಲ್ ಪೂರ್ತಿ ಯಾಕೆ ಬೇಕು? 'ಕ್ವಿಂಟಲ' ಹುಡುಕಿ 'ಕ್ವಿಂಟಾಲ' ಮಾಡಿ. ಅರ್ಧಾಕ್ಷರದ ಗುರುತಿಗಿಂತ ಮುಂಚೆಯೇ ನಿಂತುಬಿಟ್ಟರೆ ಅದರಾಚೆ ನಾನ್‌ಜಾಯ್ನರ್ ಇರಲಿ, ಖಾಲಿ ಜಾಗ ಇರಲಿ, 'ಕ್ವಿಂಟಲಿಗೆ' ಎಂದು ಇರಲಿ, ಎಲ್ಲವೂ ಇದ್ದಂತೆಯೇ ಉಳಿಯುತ್ತದೆ. ಒಂದು ಸಣ್ಣ ತೊಡಕು: ಕೆಲವು ಪ್ರೋಗ್ರಾಮ್‌ಗಳ ಹುಡುಕು ಪೆಟ್ಟಿಗೆ ಅಕ್ಷರದ ಅರ್ಧಕ್ಕೆ ನಿಲ್ಲಲು ಒಪ್ಪುವುದಿಲ್ಲ. ಆಗ ಇನ್ನೂ ಹಿಂದೆ ಸರಿದು 'ಕ್ವಿಂಟ' ಆದ ಮೇಲೆ ಲ ಬರುವ ಕಡೆಗಳನ್ನು ಪೈಥಾನಿನಲ್ಲೇ ಬದಲಿಸಿ.

ಇನ್ನೊಂದು ಗುರುತು ಜೀರೋ ವಿಡ್ತ್ ಜಾಯ್ನರ್, U+200D. ಕನ್ನಡದಲ್ಲಿ ಅದರ ಮುಖ್ಯ ಕೆಲಸ ರ ಹತ್ತಿರ. ರ್ ಆದ ಮೇಲೆ ಯ ಬಂದರೆ ಸಹಜವಾಗಿ ಅರ್ಕಾವೊತ್ತು ಬೀಳುತ್ತದೆ, ಸೂರ್ಯ ಎಂಬಲ್ಲಿ ಬೀಳುವ ಹಾಗೆ. 'ರ‍್ಯಾಂಕ್' ಎಂದು ರ ದೊಡ್ಡದಾಗಿ ನಿಂತು ಕೆಳಗೆ ಯ ಒತ್ತು ಬರಬೇಕೆಂದರೆ ರ ಆದ ಕೂಡಲೇ ಈ ಜಾಯ್ನರ್ ಇರಬೇಕು. ಯಾರೋ 'ಕಾಣದ ಕಸ ಎಲ್ಲಾ ತೆಗೆ' ಎಂದು ಎರಡೂ ಗುರುತುಗಳನ್ನು ಕಡತದಿಂದ ಅಳಿಸಿದರೆ ರ‍್ಯಾಂಕ್ ಎಲ್ಲಾ 'ರ್ಯಾಂಕ್' ಆಗುತ್ತದೆ. ಪ್ರತಿಭಾ ಪುರಸ್ಕಾರದ ಪುಟ ಇದ್ದರೆ ಅಲ್ಲಿ ಮೊದಲು ಗೊತ್ತಾಗುತ್ತದೆ.

ಇಲ್ಲೂ ಎರಡು ಪಂಗಡ ಇದೆ:

```
ಈಗಿನ ಕ್ರಮ   0CB0 200D 0CCD 0CAF
ಹಳೆಯ ಕ್ರಮ   0CB0 0CCD 200D 0CAF
```

ಮೊದಲನೆಯದು ಯೂನಿಕೋಡ್ ಹೇಳುವ ಕ್ರಮ. ಎರಡನೆಯದು ಹಳೆಯ ಕೀಲಿಮಣೆ, ಪರಿವರ್ತಕಗಳಿಂದ ಬಂದದ್ದು. ಅನೇಕ ಫಾಂಟುಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎನ್‌ಎಫ್‌ಸಿ ಇವೆರಡನ್ನು ಒಂದು ಮಾಡುವುದಿಲ್ಲ. ಅದು ಜಾಯ್ನರ್‌ಗಳನ್ನು ಮುಟ್ಟುವುದೇ ಇಲ್ಲ. 'ನಾರ್ಮಲೈಸ್ ಮಾಡಿದೆ, ಆದರೂ ರ‍್ಯಾಂಕ್ ಅರ್ಧ ಸಿಗುತ್ತಿಲ್ಲ' ಎಂದರೆ ಕಾರಣ ಇದೇ. ಎರಡನ್ನೂ ಬೇರೆ ಬೇರೆ ಎಣಿಸಿ ನೋಡಿ. ಒಂದು ಮಾಡಲೇಬೇಕಿದ್ದರೆ ಮುಂದೆ ವ್ಯಂಜನ ಇರುವ ಕಡೆ ಮಾತ್ರ ಹಳೆಯದನ್ನು ಈಗಿನ ಕ್ರಮಕ್ಕೆ ತನ್ನಿ. ಕಾಗುಣಿತ ಬದಲಿಸುವ ಕೆಲಸದ ಜೊತೆ ಅದನ್ನು ಬೆರೆಸಬೇಡಿ. ಬೇರೆ ಸುತ್ತಿನಲ್ಲಿ ಮಾಡಿದರೆ ಏನಾದರೂ ಕೆಟ್ಟಾಗ ಯಾವುದರಿಂದ ಎಂದು ತಿಳಿಯುತ್ತದೆ.

## ಲಕ್ಷಣ: ನಾರ್ಮಲೈಸ್ ಆದ ಮೇಲೂ ಒಂದೋ ಎರಡೋ 'ಅಡಕೆ' ಉಳಿದಿವೆ

ಅಡಕೆ ಎಂಬ ಪದದಲ್ಲಿ ಬಿಡಿಸುವಂಥ ಸ್ವರಚಿಹ್ನೆ ಇಲ್ಲ, ಜಾಯ್ನರ್ ಬೇಕಾದ ಜಾಗವೂ ಇಲ್ಲ. ಆದರೂ ಸಿಗದಿದ್ದರೆ ಪದದ ಹೊಟ್ಟೆಯೊಳಗೆ ಬೇರೇನೋ ಕೂತಿದೆ. ಅಂತರ್ಜಾಲದಿಂದ ನಕಲು ಮಾಡಿದ ಪಠ್ಯದಲ್ಲಿ ಸಾಲು ಮುರಿಯಲೆಂದು ಹಾಕಿದ ಮೃದು ಹೈಫನ್ ಅಥವಾ ಅಗಲವಿಲ್ಲದ ಖಾಲಿ ಜಾಗ ಇರುವುದುಂಟು.

ಇದನ್ನು ಹಿಡಿಯಲು ಕಡತದ ಒಂದು ನೆರಳು ಪ್ರತಿಯನ್ನು ಮಾಡಿ, ಅದರಿಂದ ಮಾತ್ರ ಕಾಣದ ಗುರುತುಗಳನ್ನೆಲ್ಲಾ ತೆಗೆದು ಎಣಿಸಿ. ಮೇಲಿನ ಬದಲಿಸುವ ಪ್ರೋಗ್ರಾಮಿನ ಕೊನೆಗೆ ಈ ಎರಡು ಸಾಲು ಸೇರಿಸಿದರೆ ಸಾಕು:

```python
h = re.sub("[\u200b-\u200d\u00ad\ufeff]", "", n)
print(n.count("ಅಡಕೆ"), h.count("ಅಡಕೆ"))
```

ಎರಡನೆಯ ಸಂಖ್ಯೆ ಜಾಸ್ತಿ ಬಂದರೆ ಅಷ್ಟು ಕಡೆ ಒಳಗೆ ಏನೋ ಇದೆ. ನೆರಳು ಪ್ರತಿ ಎಣಿಸಲಿಕ್ಕೆ ಮಾತ್ರ. ಅದನ್ನೇ ಉಳಿಸಿ ಅಚ್ಚಿಗೆ ಕಳಿಸಿದರೆ ಈಗಷ್ಟೇ ಹೇಳಿದ ರ‍್ಯಾಂಕ್ ಹಾನಿ ಆಗುತ್ತದೆ. ಕೆಲಸ ಮಾಡುತ್ತಿರುವ ಕಡತದಲ್ಲಿ ಆ ಕೆಲವು ಜಾಗಗಳನ್ನು ಕೈಯಿಂದಲೇ ಸರಿಮಾಡಿ.

## ಲಕ್ಷಣ: ಪೂರ್ತಿ ಪದ ಮಾತ್ರ ಹುಡುಕು ಎಂದರೆ ಉಲ್ಟಾ ಫಲಿತಾಂಶ

ರೆಗ್ಯುಲರ್ ಎಕ್ಸ್‌ಪ್ರೆಶನ್ ಗೊತ್ತಿದ್ದವರು ಜಾಗ್ರತೆಗೆಂದು `\bಅಡಕೆ\b` ಎಂದು ಬರೆಯುತ್ತಾರೆ. ಪೈಥಾನಿನ `re` ಒಳಗೆ ಇದು ತಲೆಕೆಳಗಾಗಿ ಕೆಲಸ ಮಾಡುತ್ತದೆ. ಒಂಟಿಯಾಗಿ ನಿಂತ 'ಅಡಕೆ' ಸಿಗುವುದಿಲ್ಲ, 'ಅಡಕೆಯ' ಸಿಗುತ್ತದೆ! ಸ್ವರಚಿಹ್ನೆಗಳನ್ನು ಅದು ಪದದ ಭಾಗ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೊನೆಯ 'ೆ' ಮತ್ತು ಖಾಲಿ ಜಾಗದ ನಡುವೆ ಅದಕ್ಕೆ ಗಡಿಯೇ ಇಲ್ಲ, 'ೆ' ಮತ್ತು 'ಯ' ನಡುವೆ ಇದೆ. ಕನ್ನಡಕ್ಕೆ `\b` ಬಳಸುವುದನ್ನು ಬಿಟ್ಟುಬಿಡಿ. ಹೇಗೂ ವಿಭಕ್ತಿ ಅಂಟಿಕೊಳ್ಳುವ ಭಾಷೆ ನಮ್ಮದು, ಪದದ ಕೊನೆಯ ಗಡಿ ಸರಿಯಾಗಿ ಕೆಲಸ ಮಾಡಿದ್ದರೂ ಅಡಕೆಯನ್ನು, ಅಡಕೆಗೆ, ಅಡಕೆಯಿಂದ ಎಲ್ಲವೂ ತಪ್ಪಿಹೋಗುತ್ತಿದ್ದವು.

## ಎಲ್ಲಿ ನಿಲ್ಲಿಸಬೇಕು

ಸಂಧಿಯಾದ ಪದಗಳ ಹತ್ತಿರ ಯಂತ್ರವನ್ನು ನಿಲ್ಲಿಸಿ. ಗೋಟಡಕೆ, ಹಣ್ಣಡಕೆ ಇವುಗಳಲ್ಲಿ 'ಅ' ಹಿಂದಿನ ವ್ಯಂಜನದಲ್ಲಿ ಸೇರಿಹೋಗಿದೆ, ಅಡಕೆ ಎಂದು ಹುಡುಕಿದರೆ ಸಿಗುವುದಿಲ್ಲ. ಹಾಗಂತ 'ಡಕೆ' ಎಂದು ಹುಡುಕಿ ಎಲ್ಲಾ ಬದಲಿಸಿದರೆ ಮಡಕೆಯೂ ಮಡಿಕೆಯಾಗುತ್ತದೆ. 'ಡಕೆ' ಇರುವ ಪದಗಳ ಪಟ್ಟಿ ತೆಗೆದು, ಒಂದೊಂದನ್ನೇ ನೋಡಿ, ಬೇಕಾದ್ದನ್ನು ಮಾತ್ರ ಬದಲಿಸಿ. ಗಾದೆ, ಹಾಡು, ಇನ್ನೊಬ್ಬರ ಮಾತನ್ನು ಇದ್ದಂತೆ ಕೊಟ್ಟ ಕಡೆ, ಜನರ ಹೆಸರು, ಮನೆತನದ ಹೆಸರು ಇವನ್ನು ಬದಲಿಸಬೇಕೋ ಬೇಡವೋ ಎನ್ನುವುದು ಸಂಪಾದಕರ ತೀರ್ಮಾನ. ನನ್ನ ಪ್ರಕಾರ ಬೇಡ. ಮನೆಯಲ್ಲಿ ಆಡಿದ್ದು ಅಡಕೆ ಅಂತಿದ್ದರೆ ಹಾಗೇ ಇರಲಿ.

ಸದಸ್ಯರ ಪಟ್ಟಿ, ಷೇರು ಪುಸ್ತಕ, ಖಾತೆ ಇಂಥ ದತ್ತಾಂಶ ಇರುವ ಕಡತಕ್ಕೆ ಮೇಲಿನ ಯಾವುದನ್ನೂ ಮಾಡಬೇಡಿ. ಅಲ್ಲಿ ಹೆಸರಿನ ಒಂದು ರೂಪ ಇನ್ನೊಂದು ಕಡತದಲ್ಲಿರುವ ಅದೇ ರೂಪಕ್ಕೆ ಕೊಂಡಿಯಾಗಿರಬಹುದು. ಎನ್‌ಎಫ್‌ಸಿ ಮಾಡಿದರೂ ಕೊಂಡಿ ತಪ್ಪುತ್ತದೆ. ಡಿಜಿಟಲ್ ಸಹಿ ಇರುವ ಕಡತದಲ್ಲಿ ಒಂದು ಬೈಟ್ ಬದಲಾದರೂ ಸಹಿ ಕೆಡುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಒತ್ತುಗಳ ಕ್ರಮವೇ ಅದಲುಬದಲಾಗಿದ್ದರೆ ಸುಮ್ನೆ ಗುದ್ದಾಡಬೇಡಿ, ಬರೆದವರಿಂದ ಮೂಲ ಕಡತ ಕೇಳಿ ತರಿಸಿಕೊಳ್ಳಿ.

ಬದಲಾದ ಲೆಕ್ಕ ಮತ್ತು ಉದ್ದದ ಲೆಕ್ಕ ಸಮ ಬಾರದಿದ್ದರೆ, ಜಾಯ್ನರ್ ಲೆಕ್ಕ ತಪ್ಪಿದರೆ, ಕಾರಣ ಗೊತ್ತಾಗುವ ತನಕ ಹೊಸ ಕಡತವನ್ನು ಮುಂದಕ್ಕೆ ಕಳಿಸಬೇಡಿ. ತಿಳಿದವರನ್ನು ಕೇಳುವಾಗ ಪರದೆಯ ಫೋಟೊ ಕಳಿಸಿದರೆ ಪ್ರಯೋಜನವಿಲ್ಲ, ಅದರಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ. ಸಂದೇಶದಲ್ಲಿ ಪಠ್ಯವನ್ನು ಅಂಟಿಸಿ ಕಳಿಸುವುದೂ ಬೇಡ, ದಾರಿಯಲ್ಲಿ ಕಾಣದ ಗುರುತು ಬಿದ್ದುಹೋಗಬಹುದು. ಮೂಲ ಕಡತವನ್ನೇ ಜಿಪ್ ಮಾಡಿ ಲಗತ್ತಿಸಿ. ಜೊತೆಗೆ ತೊಂದರೆ ಕೊಡುತ್ತಿರುವ ಒಂದು ಪದದ ಸಂಖ್ಯೆಗಳ ಪಟ್ಟಿ, ಅದೇ ಪದ ಸರಿಯಾಗಿ ಸಿಕ್ಕ ಕಡೆಯ ಸಂಖ್ಯೆಗಳ ಪಟ್ಟಿ, ಯಾವ ಪ್ರೋಗ್ರಾಮಿನಲ್ಲಿ ಹುಡುಕಿದಿರಿ ಎನ್ನುವುದು, ಇಷ್ಟನ್ನು ಬರೆದು ಕಳಿಸಿ.